ಮೂವತ್ತು ನಿಮಿಷ ಕೇಳುವ ಪತ್ರ

2009ರ ಜೂನ್‌ನಲ್ಲಿ ಅಮೆರಿಕದ ಸ್ಯಾನ್ ಹೋಸೆಯಲ್ಲಿ ವೆಲಾಸಿಟಿ ಎಂಬ ಸಮ್ಮೇಳನ ನಡೆಯಿತು. ದೊಡ್ಡ ಜಾಲತಾಣಗಳನ್ನು ನಡೆಸುವ ಎಂಜಿನಿಯರುಗಳು ಸೇರುತ್ತಿದ್ದ ಜಾಗ ಅದು. ಫೋಟೋ ಹಂಚಿಕೊಳ್ಳುವ ತಾಣ ಫ್ಲಿಕರ್‌ನಲ್ಲಿ ಕೆಲಸ ಮಾಡುತ್ತಿದ್ದ ಜಾನ್ ಆಲ್‌ಸ್ಪಾ ಮತ್ತು ಪಾಲ್ ಹ್ಯಾಮಂಡ್ ಅಲ್ಲಿ ಜೋಡಿಯಾಗಿ ಮಾತನಾಡಿದರು. ಅವರ ಟಾಕ್‌ನ ಹೆಸರು ‘ಟೆನ್ ಪ್ಲಸ್ ಡಿಪ್ಲಾಯ್ಸ್ ಪರ್ ಡೇ: ಡೆವ್ ಅಂಡ್ ಆಪ್ಸ್ ಕೋಆಪರೇಷನ್ ಅಟ್ ಫ್ಲಿಕರ್’. ದಿನಕ್ಕೆ ಹತ್ತಕ್ಕೂ ಹೆಚ್ಚು ಸಲ ಹೊಸ ಕೋಡನ್ನು ಬಳಕೆದಾರರ ಮುಂದಿಡುತ್ತೇವೆ, ಕೋಡ್ ಬರೆಯುವವರೂ ಸರ್ವರ್ ನೋಡಿಕೊಳ್ಳುವವರೂ ಕೂಡಿ ಕೆಲಸ ಮಾಡುವುದರಿಂದ ಅದು ಸಾಧ್ಯವಾಗಿದೆ ಎಂಬುದು ಅದರ ತಿರುಳು.

ತಿಂಗಳಿಗೊಮ್ಮೆ ಹೊಸ ಆವೃತ್ತಿ ಬಿಡುವುದಕ್ಕೂ ಕಂಪನಿಗಳು ಅಳುಕುತ್ತಿದ್ದ ಕಾಲ ಅದು. ಹಾಗಾಗಿ ಆ ಶೀರ್ಷಿಕೆ ಓದಿದವರಿಗೆ ಒಂದೋ ‘ಇದು ಸುಳ್ಳು’ ಅನ್ನಿಸಬೇಕು, ಇಲ್ಲವೇ ‘ಹೇಗೆ?’ ಎಂದು ಕೇಳಬೇಕೆನ್ನಿಸಬೇಕು. ಬೆಲ್ಜಿಯಂನಲ್ಲಿದ್ದ ಪ್ಯಾಟ್ರಿಕ್ ಡೆಬುವಾ ಆ ಟಾಕನ್ನು ದೂರದಿಂದಲೇ ನೋಡಿ, ಅದೇ ವರ್ಷದ ಅಕ್ಟೋಬರಿನಲ್ಲಿ ಗೆಂಟ್ ನಗರದಲ್ಲಿ ‘ಡೆವ್‌ಆಪ್ಸ್‌ಡೇಸ್’ ಎಂಬ ಸಮ್ಮೇಳನವನ್ನೇ ಕರೆದರು. ಇಂದು ಬೆಂಗಳೂರಿನ ಉದ್ಯೋಗ ಜಾಹೀರಾತುಗಳಲ್ಲಿ ದಿನಬೆಳಗಾದರೆ ಕಾಣುವ ‘ಡೆವ್‌ಆಪ್ಸ್ ಎಂಜಿನಿಯರ್’ ಎಂಬ ಹುದ್ದೆಯ ಹೆಸರು ಹರಡಿದ್ದು ಅಲ್ಲಿಂದ.

ಆ ಶೀರ್ಷಿಕೆಯಲ್ಲಿ ಒಂದು ಅಂಕಿ ಇದೆ, ಯಾರು ಮಾಡಿದರೆಂಬುದಿದೆ, ಎಲ್ಲಿ ಮಾಡಿದರೆಂಬುದಿದೆ, ಯಾವ ದಾರಿಯಿಂದ ಮಾಡಿದರೆಂಬ ಸುಳಿವೂ ಇದೆ. ಸಮ್ಮೇಳನದ ಸಂಘಟಕರಿಗೆ ‘ನನಗೆ ಮಾತನಾಡಲು ಅವಕಾಶ ಕೊಡಿ’ ಎಂದು ಬರೆಯುವ ಹೆಚ್ಚಿನ ಇಮೇಲ್‌ಗಳಲ್ಲಿ ಈ ನಾಲ್ಕರಲ್ಲಿ ಒಂದೂ ಇರುವುದಿಲ್ಲ.

ಪತ್ರ ಯಾರ ಕೈಗೆ ಹೋಗುತ್ತದೆ ಎಂಬುದನ್ನು ಮೊದಲು ನೋಡಬೇಕು. ತಂತ್ರಜ್ಞಾನ ಸಮ್ಮೇಳನಗಳಲ್ಲಿ, ಅದರಲ್ಲೂ 2009ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಶುರುವಾದ ಪೈಕಾನ್ ಇಂಡಿಯಾದಂಥ ಸಮುದಾಯದ ಸಮ್ಮೇಳನಗಳಲ್ಲಿ, ಟಾಕ್‌ಗಳನ್ನು ಆರಿಸುವವರು ಸ್ವಯಂಸೇವಕರು. ಹಗಲು ತಮ್ಮ ನೌಕರಿ ಮುಗಿಸಿ ರಾತ್ರಿ ಪ್ರಪೋಸಲ್‌ಗಳನ್ನು ಓದುತ್ತಾರೆ. ಇರುವ ಸ್ಲಾಟ್‌ಗಳಿಗಿಂತ ಬಂದಿರುವ ಪ್ರಪೋಸಲ್‌ಗಳು ಹಲವು ಪಟ್ಟು. ಆ ಓದುಗ ಹುಡುಕುವುದು ‘ಇವರು ಎಷ್ಟು ದೊಡ್ಡವರು’ ಎಂಬುದನ್ನಲ್ಲ. ಈ ಮೂವತ್ತು ನಿಮಿಷವನ್ನು ಇವರಿಗೆ ಕೊಟ್ಟರೆ ಸಭಾಂಗಣದಲ್ಲಿ ಕೂತವರಿಗೆ ಏನು ಸಿಗುತ್ತದೆ, ಹೇಳಿದ್ದನ್ನು ಇವರು ಹೇಳಿ ಮುಗಿಸಬಲ್ಲರೇ ಎಂಬ ಎರಡೇ ಪ್ರಶ್ನೆ ಅವರ ಮುಂದಿರುತ್ತದೆ. ಪತ್ರ ಈ ಎರಡಕ್ಕೆ ಉತ್ತರ ಕೊಟ್ಟರೆ ಅದರ ಕೆಲಸ ಮುಗಿಯಿತು.

ಒಂದು ಉದಾಹರಣೆಯನ್ನು ಕಟ್ಟಿಕೊಂಡು ನೋಡುವುದು ಒಳ್ಳೆಯದು. ಧಾರವಾಡದಲ್ಲಿ ಒಬ್ಬ ಎಂಜಿನಿಯರ್ ಇದ್ದಾಳೆ ಎಂದುಕೊಳ್ಳೋಣ. ಹಾಲು ಉತ್ಪಾದಕರ ಸಂಘಗಳ ಲೆಕ್ಕ ಇಡುವ ಸಾಫ್ಟ್‌ವೇರ್ ಅವಳ ಕೈಯಲ್ಲಿದೆ. ರೈತರ ಖಾತೆಗೆ ದುಡ್ಡು ಜಮೆಯಾದಾಗ ಕನ್ನಡದಲ್ಲಿ ಎಸ್ಸೆಮ್ಮೆಸ್ ಹೋಗುತ್ತದೆ. ಅವಳಿಗೆ ಎರಡು ತೊಂದರೆ ಎದುರಾದವು. ಒಂದು, ನೋಡಲು ಚಿಕ್ಕದಾಗಿ ಕಾಣುವ ಸಂದೇಶಕ್ಕೂ ಎರಡು ಎಸ್ಸೆಮ್ಮೆಸ್‌ನ ದುಡ್ಡು ಬೀಳುತ್ತಿತ್ತು. ಎರಡು, ಹೆಸರುಗಳು ಅರ್ಧಕ್ಕೆ ತುಂಡಾಗಿ ಹೋಗುತ್ತಿದ್ದವು.

ಕಾರಣ ಕನ್ನಡ ಅಕ್ಷರಗಳು ಕಂಪ್ಯೂಟರಿನೊಳಗೆ ಇರುವ ರೀತಿಯಲ್ಲಿದೆ. ಒಂದು ಎಸ್ಸೆಮ್ಮೆಸ್‌ನಲ್ಲಿ ಇರುವುದು 140 ಬೈಟ್ ಜಾಗ. ಇಂಗ್ಲಿಷ್ ಅಕ್ಷರಗಳನ್ನು ಏಳೇಳು ಬಿಟ್‌ಗಳಲ್ಲಿ ಒತ್ತಿ ಇಟ್ಟರೆ ಅಲ್ಲಿ 160 ಹಿಡಿಯುತ್ತವೆ. ಕನ್ನಡಕ್ಕೆ ಸಾಮಾನ್ಯವಾಗಿ ಬಳಸುವ ಪದ್ಧತಿಯಲ್ಲಿ ಒಂದೊಂದು ಗುರುತಿಗೆ ಎರಡು ಬೈಟ್ ಬೇಕಾದ್ದರಿಂದ ಹಿಡಿಯುವುದು 70 ಮಾತ್ರ. ಎಪ್ಪತ್ತು ದಾಟಿತೆಂದರೆ ಸಂದೇಶ ಒಡೆಯುತ್ತದೆ. ತುಂಡುಗಳನ್ನು ಮತ್ತೆ ಜೋಡಿಸುವ ಮಾಹಿತಿಗೂ ಜಾಗ ಬೇಕಾಗಿ ಒಂದೊಂದು ತುಂಡಿಗೆ 67 ಉಳಿಯುತ್ತದೆ. ಇಲ್ಲಿ ಎಣಿಸುವುದು ನಾವು ಓದುವ ಅಕ್ಷರಗಳನ್ನಲ್ಲ. ವ್ಯಂಜನ, ಸ್ವರಚಿಹ್ನೆ, ಅರ್ಧಾಕ್ಷರದ ಗುರುತು ಎಲ್ಲವೂ ಬೇರೆಬೇರೆ ಲೆಕ್ಕಕ್ಕೆ ಬರುತ್ತವೆ. ಪೈಥಾನ್ ಭಾಷೆಯಲ್ಲಿ ಹೀಗೆ ಕೇಳಿ ನೋಡಬಹುದು:

```
len("ಲಕ್ಷ್ಮಿ")    # 7
"ಲಕ್ಷ್ಮಿ"[:4]     # "ಲಕ್ಷ"
```

ಕಣ್ಣಿಗೆ ಎರಡಕ್ಷರವಾಗಿರುವ ಲಕ್ಷ್ಮಿ ಕಂಪ್ಯೂಟರಿಗೆ ಏಳು. ಆ ಹೆಸರನ್ನು ನಾಲ್ಕನೆಯ ಗುರುತಿಗೆ ಕತ್ತರಿಸಿದರೆ ಉಳಿಯುವುದು ‘ಲಕ್ಷ’. ದುಡ್ಡಿನ ಸಂದೇಶದಲ್ಲಿ ಆ ಪದ ಬಂದರೆ ಓದುವ ರೈತ ಏನೆಂದುಕೊಳ್ಳಬೇಕು! ಎಂಜಿನಿಯರ್ ಇದನ್ನು ಸರಿಪಡಿಸಿದಳು. ಉಳಿದವರಿಗೂ ತಿಳಿಯಲಿ ಎಂದು ಒಂದು ಸಮ್ಮೇಳನಕ್ಕೆ ಬರೆಯಲು ಕೂತಳು. ಇಂಥ ಪತ್ರಗಳು ಹೆಚ್ಚಾಗಿ ಇಂಗ್ಲಿಷಿನಲ್ಲೇ ಹೋಗುತ್ತವೆ. ಅವಳ ಮೊದಲ ಕರಡಿನ ಸಾರ ಕನ್ನಡದಲ್ಲಿ ಹೀಗಿರುತ್ತದೆ:

“ಮಾನ್ಯರೇ, ನಾನು ಕಂಪ್ಯೂಟರ್ ಸೈನ್ಸ್‌ನಲ್ಲಿ ಬಿಇ ಪದವೀಧರೆ. ಒಂಬತ್ತು ವರ್ಷಗಳ ಅನುಭವವಿದೆ. ಜಾವಾ, ಪೈಥಾನ್, ಕ್ಲೌಡ್ ತಂತ್ರಜ್ಞಾನಗಳಲ್ಲಿ ಪರಿಣತಿ ಇದೆ. ‘ಪ್ರಾದೇಶಿಕ ಭಾಷೆಗಳು ಮತ್ತು ತಂತ್ರಜ್ಞಾನ: ಸವಾಲುಗಳು ಹಾಗೂ ಅವಕಾಶಗಳು’ ಎಂಬ ವಿಷಯದ ಬಗ್ಗೆ ಮಾತನಾಡಲು ಬಯಸುತ್ತೇನೆ. ಭಾರತೀಯ ಭಾಷೆಗಳ ಇತಿಹಾಸ, ಯೂನಿಕೋಡ್, ಫಾಂಟ್‌ಗಳು, ಕೀಬೋರ್ಡ್‌ಗಳು, ಎಸ್ಸೆಮ್ಮೆಸ್ ಮತ್ತು ಮುಂದಿನ ದಾರಿಯ ಬಗ್ಗೆ ಚರ್ಚಿಸಲಾಗುವುದು. ಸಭಿಕರಿಗೆ ಉಪಯುಕ್ತವಾಗುವುದೆಂದು ನಂಬಿದ್ದೇನೆ.”

ಇದರಲ್ಲಿ ಸುಳ್ಳಿಲ್ಲ, ಒರಟುತನವೂ ಇಲ್ಲ. ಆದರೂ ಸಮಿತಿ ಇದನ್ನು ಬದಿಗಿಡುತ್ತದೆ. ‘ಸವಾಲುಗಳು ಹಾಗೂ ಅವಕಾಶಗಳು’ ಎಂಬ ಬಾಲವನ್ನು ಯಾವ ವಿಷಯಕ್ಕೆ ಬೇಕಾದರೂ ಕಟ್ಟಬಹುದು. ಇತಿಹಾಸದಿಂದ ಮುಂದಿನ ದಾರಿಯವರೆಗೆ ಆರು ವಿಷಯಗಳನ್ನು ಮೂವತ್ತು ನಿಮಿಷದಲ್ಲಿ ಹೇಳುತ್ತೇನೆ ಎನ್ನುವವರು ಯಾವುದನ್ನೂ ಹೇಳಿ ಮುಗಿಸುವುದಿಲ್ಲ ಎಂಬುದು ಸಮಿತಿಯಲ್ಲಿ ಕೂತವರ ಅನುಭವ. ಇಡೀ ಪತ್ರದಲ್ಲಿ ಅವಳಿಗೆ ಮಾತ್ರ ಗೊತ್ತಿರುವ ಸಂಗತಿ, ಅಂದರೆ ಲಕ್ಷ್ಮಿ ಲಕ್ಷವಾದ ಕಥೆ, ‘ಎಸ್ಸೆಮ್ಮೆಸ್’ ಎಂಬ ಒಂದು ಪದದೊಳಗೆ ಹೂತುಹೋಗಿದೆ.

ಸರಿಪಡಿಸಲು ಶುರುಮಾಡಬೇಕಾದ ಜಾಗ ಶೀರ್ಷಿಕೆಯಲ್ಲ. ಕೇಳುಗರಿಗೆ ಏನು ದಕ್ಕುತ್ತದೆ ಎಂಬ ಸಾಲನ್ನು ಮೊದಲು ಬರೆದುಕೊಳ್ಳಬೇಕು. ಅದು ಗಟ್ಟಿಯಾಗದೆ ಉಳಿದದ್ದೊಂದೂ ಗಟ್ಟಿಯಾಗುವುದಿಲ್ಲ. ಬಹುಪಾಲು ಪ್ರಪೋಸಲ್‌ಗಳು ಸೋಲುವುದೂ ಇಲ್ಲೇ, ಏಕೆಂದರೆ ಇಲ್ಲಿ ‘ಅರಿವು ಮೂಡುತ್ತದೆ’, ‘ತಿಳಿವಳಿಕೆ ಸಿಗುತ್ತದೆ’, ‘ಒಳನೋಟ ದೊರೆಯುತ್ತದೆ’ ಎಂಬಂಥ ಮಾತುಗಳು ಬಂದು ಕೂರುತ್ತವೆ. ಸಿಕ್ಕಿತೋ ಇಲ್ಲವೋ ಎಂದು ಯಾರೂ ಪರೀಕ್ಷಿಸಲಾರದ ಮಾತುಗಳಿವು. ಒಂದು ಸುಲಭದ ಪರೀಕ್ಷೆ ಇದೆ. ಟಾಕ್ ಕೇಳಿದವರು ಸೋಮವಾರ ಆಫೀಸಿಗೆ ಹೋದಾಗ ಶುಕ್ರವಾರ ಮಾಡಲಾಗದಿದ್ದ ಯಾವ ಕೆಲಸವನ್ನು ಮಾಡುತ್ತಾರೆ? ಆ ಉತ್ತರದಲ್ಲಿ ಒಂದು ಕ್ರಿಯಾಪದ ಇರಬೇಕು, ಆ ಕ್ರಿಯೆ ಕಣ್ಣಿಗೆ ಕಾಣುವಂಥದ್ದಾಗಿರಬೇಕು.

ನಮ್ಮ ಎಂಜಿನಿಯರ್ ಹೀಗೆ ಬರೆದಳೆನ್ನೋಣ: “ಈ ಟಾಕ್ ಕೇಳಿದವರು ಭಾರತೀಯ ಭಾಷೆಯ ಸಂದೇಶವೊಂದು ಎಷ್ಟು ಎಸ್ಸೆಮ್ಮೆಸ್ ಆಗುತ್ತದೆ ಎಂದು ಕಳಿಸುವ ಮೊದಲೇ ಲೆಕ್ಕ ಹಾಕಬಲ್ಲರು, ಅಕ್ಷರದ ನಡುವೆ ಕತ್ತರಿ ಬೀಳುವ ಜಾಗಗಳನ್ನು ತಮ್ಮ ಕೋಡಿನಲ್ಲಿ ಹುಡುಕಿ ಸರಿಪಡಿಸಬಲ್ಲರು.” ಎರಡೇ ಕೆಲಸ. ಮೂರನೆಯದಾಗಿ ಫಾಂಟ್‌ಗಳ ಬಗ್ಗೆಯೂ ಸೇರಿಸಬೇಕೆಂಬ ಆಸೆ ಅವಳಿಗೆ ಬಂದೇ ಬರುತ್ತದೆ, ಅದನ್ನು ಬಿಡಬೇಕು. ಮೂವತ್ತು ನಿಮಿಷಕ್ಕೆ ಎರಡು ಸಂಗತಿಗಳೇ ಸಾಕಷ್ಟು ಭಾರ.

ಈ ಸಾಲಿನಲ್ಲಿ ಇನ್ನೊಂದು ಬದಲಾವಣೆಯೂ ಆಗಿದೆ. ‘ಕನ್ನಡ’ ಎಂದಿದ್ದದ್ದು ‘ಭಾರತೀಯ ಭಾಷೆ’ ಆಗಿದೆ. ಸಮಿತಿಯಲ್ಲಿ ದೆಹಲಿಯವರೋ ಚೆನ್ನೈಯವರೋ ಇರಬಹುದು. ಹಿಂದಿಯಲ್ಲೂ ತಮಿಳಿನಲ್ಲೂ 70ರ ಮಿತಿ ಇದೇ, ಕತ್ತರಿಯ ತೊಂದರೆಯೂ ಇದೇ. ಉದಾಹರಣೆ ಕನ್ನಡದ್ದಾಗಿದ್ದರೂ ಲಾಭ ಸಭಾಂಗಣದಲ್ಲಿ ಕೂತ ಎಲ್ಲರಿಗೂ ಇದೆ ಎಂಬುದನ್ನು ಬರೆಯುವವರೇ ಹೇಳಬೇಕು. ಓದುವವರು ಊಹಿಸಿಕೊಳ್ಳಲಿ ಎಂದು ಬಿಡಬಾರದು. ಯಾರಿಗೆ ಈ ಟಾಕ್ ಅಲ್ಲ ಎಂಬುದನ್ನೂ ಒಂದು ಸಾಲಿನಲ್ಲಿ ಹೇಳಿದರೆ ಸಮಿತಿಗೆ ಇನ್ನೂ ಅನುಕೂಲ: “ಪೈಥಾನ್‌ನಲ್ಲಿ ಸಣ್ಣ ಪ್ರೋಗ್ರಾಂ ಬರೆಯಬಲ್ಲವರಿಗೆ ಸಾಕು, ಯೂನಿಕೋಡ್ ಮೊದಲೇ ಚೆನ್ನಾಗಿ ಬಲ್ಲವರಿಗೆ ಇದರಲ್ಲಿ ಹೊಸತು ಕಡಿಮೆ.” ಹೀಗೆ ಬರೆದರೆ ಟಾಕ್‌ನ ತೂಕ ಇಳಿಯುತ್ತದೆ ಎಂದು ಹಲವರು ಹೆದರುತ್ತಾರೆ. ಆಗುವುದು ತಿರುಗಾಮುರುಗಾ. ಸಮಿತಿ ಪ್ರತಿ ದಿನದ ಕಾರ್ಯಕ್ರಮದಲ್ಲಿ ಹೊಸಬರಿಗಿಷ್ಟು, ಪಳಗಿದವರಿಗಿಷ್ಟು ಎಂದು ಹಂಚಬೇಕಾಗಿರುತ್ತದೆ. ಎಲ್ಲಿ ಕೂರಿಸಬೇಕೆಂದು ಗೊತ್ತಾಗುವ ಟಾಕನ್ನು ಆರಿಸುವುದು ಸುಲಭ.

ದಕ್ಕುವುದೇನೆಂದು ಸ್ಪಷ್ಟವಾದ ಮೇಲೆ ಶೀರ್ಷಿಕೆ ಅದರೊಳಗಿಂದಲೇ ಹುಟ್ಟುತ್ತದೆ. ‘ಲಕ್ಷ್ಮಿ ಎರಡಕ್ಷರವೋ ಏಳೋ: ಭಾರತೀಯ ಭಾಷೆಯ ಎಸ್ಸೆಮ್ಮೆಸ್ ಒಡೆಯದಂತೆ ಕಳಿಸುವ ಬಗೆ’. ಮೊದಲ ಭಾಗ ಕುತೂಹಲಕ್ಕೆ, ಎರಡನೆಯದು ವಿಷಯಕ್ಕೆ. ಎರಡರಲ್ಲಿ ಒಂದನ್ನೇ ಉಳಿಸಿಕೊಳ್ಳಬೇಕಾಗಿ ಬಂದರೆ ಎರಡನೆಯದೇ ಉಳಿಯಬೇಕು. ಸಮ್ಮೇಳನದ ದಿನ ಕಾರಿಡಾರಿನಲ್ಲಿ ನಿಂತು, ಮೊಬೈಲಿನಲ್ಲಿ ಕಾರ್ಯಕ್ರಮ ಪಟ್ಟಿ ನೋಡಿ, ಯಾವ ಕೋಣೆಗೆ ಹೋಗಲಿ ಎಂದು ಅರ್ಧ ನಿಮಿಷದಲ್ಲಿ ನಿರ್ಧರಿಸುವವರಿಗೆ ಬರೀ ಒಗಟು ಕೊಟ್ಟರೆ ಅವರು ಚಹಾ ಕುಡಿಯಲು ಹೋಗುತ್ತಾರೆ.

ಇಮೇಲ್‌ನ ವಿಷಯದ ಸಾಲಿನಲ್ಲೂ ಇದೇ ಶೀರ್ಷಿಕೆ ಇರಬೇಕು. ‘ಟಾಕ್ ಪ್ರಪೋಸಲ್’ ಎಂದಷ್ಟೇ ಬರೆದರೆ ಸಂಘಟಕರ ಇನ್‌ಬಾಕ್ಸ್‌ನಲ್ಲಿ ಅದೇ ಹೆಸರಿನ ನೂರಾರು ಪತ್ರಗಳ ನಡುವೆ ಅದು ಕಳೆದುಹೋಗುತ್ತದೆ. ‘ಟಾಕ್ ಪ್ರಪೋಸಲ್ (30 ನಿಮಿಷ): ಭಾರತೀಯ ಭಾಷೆಯ ಎಸ್ಸೆಮ್ಮೆಸ್ ಒಡೆಯದಂತೆ ಕಳಿಸುವ ಬಗೆ’ ಎಂದಿದ್ದರೆ ಎರಡು ವಾರದ ನಂತರ ಹುಡುಕಿದರೂ ಸಿಗುತ್ತದೆ.

ಇನ್ನು ವಿವರಣೆ. ಹೊಸಬರು ಇಲ್ಲಿ ಒಂದೇ ಬರಹವನ್ನು ಇಬ್ಬರು ಬೇರೆಬೇರೆ ಓದುಗರಿಗೆ ಕೊಡಲು ಹೋಗುತ್ತಾರೆ. ಒಬ್ಬರು ಸಮ್ಮೇಳನಕ್ಕೆ ಬರುವ ಸಭಿಕರು, ಅವರಿಗಾಗಿ ಕಾರ್ಯಕ್ರಮ ಪಟ್ಟಿಯಲ್ಲಿ ಅಚ್ಚಾಗುವುದು ಐದಾರು ಸಾಲಿನ ಸಾರಾಂಶ. ಇನ್ನೊಬ್ಬರು ಸಮಿತಿಯವರು. ಸಭಿಕರಿಗೆ ಕೊನೆಯ ಗುಟ್ಟನ್ನು ಬಿಟ್ಟುಕೊಡದೆ ಬರೆಯಬಹುದು, ಸಮಿತಿಗೆ ಹಾಗೆ ಬರೆಯಬಾರದು. ‘ಪರಿಹಾರ ಏನೆಂದು ಟಾಕ್‌ನಲ್ಲಿ ತಿಳಿಯಿರಿ’ ಎಂದು ಬರೆದರೆ ಪರಿಹಾರವೊಂದು ಇದೆಯೋ ಇಲ್ಲವೋ ಎಂಬುದೇ ಸಮಿತಿಗೆ ಗೊತ್ತಾಗುವುದಿಲ್ಲ. ಅದಕ್ಕೇ ಹಲವು ಸಮ್ಮೇಳನಗಳ ಅರ್ಜಿಯಲ್ಲಿ ಸಾರಾಂಶಕ್ಕೊಂದು, ಸಮಿತಿಗೆ ಮಾತ್ರ ಕಾಣುವ ಟಿಪ್ಪಣಿಗೊಂದು ಎಂದು ಬೇರೆಬೇರೆ ಜಾಗ ಇರುತ್ತದೆ. ಇಮೇಲ್ ಆದರೆ ಈ ಎರಡನ್ನೂ ಬರೆಯುವವರೇ ಬೇರ್ಪಡಿಸಿ ಕೊಡಬೇಕು.

ಸಮಿತಿಗೆ ಬರೆಯುವ ಭಾಗದಲ್ಲಿ ಮುಖ್ಯವಾದದ್ದು ನಿಮಿಷಗಳ ಲೆಕ್ಕ. ನಮ್ಮ ಎಂಜಿನಿಯರಿನದು ಹೀಗಿರಬಹುದು: ತುಂಡಾದ ಸಂದೇಶಗಳ ಕಥೆಗೆ ಮೂರು ನಿಮಿಷ. ಅಕ್ಷರಗಳು ಕಂಪ್ಯೂಟರಿನಲ್ಲಿ ಕೂರುವ ರೀತಿಗೆ ಏಳು. 160, 70, 67 ಎಂಬ ಲೆಕ್ಕವನ್ನು ತೆರೆಯ ಮೇಲೆ ಮಾಡಿ ತೋರಿಸಿ, ಕೋಡನ್ನು ಸರಿಪಡಿಸುವುದಕ್ಕೆ ಹತ್ತು. ಈ ಪರಿಹಾರದಿಂದ ಏನು ಆಗುವುದಿಲ್ಲ ಎಂಬುದಕ್ಕೆ ಐದು. ಪ್ರಶ್ನೆಗಳಿಗೆ ಐದು. ಒಟ್ಟು ಮೂವತ್ತು. ಹೀಗೆ ಬರೆಯಲು ಕೂತಾಗಲೇ ಆರು ವಿಷಯಗಳ ಹಳೆಯ ಪಟ್ಟಿ ಹಿಡಿಯುವುದಿಲ್ಲ ಎಂಬುದು ಬರೆಯುವವರಿಗೇ ಕಾಣುತ್ತದೆ. ನಿಮಿಷದ ಲೆಕ್ಕವಿರುವ ಪ್ರಪೋಸಲನ್ನು ನೋಡಿದರೆ ಇವರು ಟಾಕನ್ನು ಒಮ್ಮೆಯಾದರೂ ಮನಸ್ಸಿನಲ್ಲಿ ಕೊಟ್ಟು ನೋಡಿದ್ದಾರೆ ಎಂಬ ಭರವಸೆ ಸಮಿತಿಗೆ ಬರುತ್ತದೆ. ‘ಏನು ಆಗುವುದಿಲ್ಲ’ ಎಂಬ ಆ ಐದು ನಿಮಿಷವೂ ಭರವಸೆ ಹೆಚ್ಚಿಸುವಂಥದ್ದೇ. ತಮ್ಮ ಕಂಪನಿಯ ಸರಕು ಮಾರಲು ಬರುವವರ ಪ್ರಪೋಸಲ್‌ನಲ್ಲಿ ಅಂಥ ಭಾಗ ಇರುವುದೇ ಇಲ್ಲ. ಸರಕಿನ ಹೆಸರು ಶೀರ್ಷಿಕೆಯಲ್ಲೇ ಬಂದು, ಮಿತಿಗಳ ಮಾತೇ ಇಲ್ಲದಿದ್ದರೆ ಸಮಿತಿ ಅದನ್ನು ಜಾಹೀರಾತೆಂದೇ ಓದುತ್ತದೆ.

ಮಾತನಾಡುವವರ ಪರಿಚಯ ಕೊನೆಗೆ ಬರಲಿ, ಮೂರ್ನಾಲ್ಕು ಸಾಲಿರಲಿ. ಉದ್ಯೋಗದ ಅರ್ಜಿಗೆ ಬರೆದ ಬಯೋಡೇಟಾವನ್ನೇ ಇಲ್ಲಿ ಅಂಟಿಸುವ ರೂಢಿ ನಮ್ಮಲ್ಲಿ ಬಲವಾಗಿದೆ. ಆದರೆ ಇಲ್ಲಿ ಉತ್ತರಿಸಬೇಕಾದ್ದು ‘ಈ ಮಾತನ್ನು ಹೇಳಲು ಇವರೇ ಏಕೆ?’ ಎಂಬ ಒಂದನ್ನೇ. ಬಿಇ ಪದವಿಯಾಗಲಿ ಜಾವಾ ಪರಿಣತಿಯಾಗಲಿ ಅದಕ್ಕೆ ಉತ್ತರವಲ್ಲ. “ನಾಲ್ಕು ವರ್ಷಗಳಿಂದ ಹಾಲಿನ ಸಂಘಗಳ ಸಾಫ್ಟ್‌ವೇರ್ ನೋಡಿಕೊಳ್ಳುತ್ತಿದ್ದೇನೆ. ಈ ಟಾಕ್‌ನಲ್ಲಿ ತೋರಿಸುವ ತಪ್ಪು ನಮ್ಮ ಕೋಡಿನಲ್ಲೇ ಇತ್ತು, ಸರಿಪಡಿಸಿದ್ದು ನಾನು. ದೊಡ್ಡ ಸಮ್ಮೇಳನದಲ್ಲಿ ಇದು ನನ್ನ ಮೊದಲ ಟಾಕ್. ಹುಬ್ಬಳ್ಳಿಯ ಸ್ನೇಹಿತರ ಬಳಗದಲ್ಲಿ ಇದೇ ವಿಷಯವನ್ನು ಚಿಕ್ಕದಾಗಿ ಹೇಳಿದ್ದೇನೆ, ಅದರ ಐದು ನಿಮಿಷದ ವಿಡಿಯೋ ಕೊಂಡಿ ಕೆಳಗಿದೆ.” ಮೊದಲ ಟಾಕ್ ಎನ್ನುವುದನ್ನು ಬಚ್ಚಿಡುವ ಅಗತ್ಯವಿಲ್ಲ. ಹೊಸಬರಿಗೆಂದೇ ಜಾಗ ಇಡುವ ಸಮ್ಮೇಳನಗಳೂ ಇವೆ, ತಾಲೀಮಿಗೆ ನೆರವಾಗುವ ಸಂಘಟಕರೂ ಇದ್ದಾರೆ. ವಿಡಿಯೋ ಮೊಬೈಲಿನಲ್ಲಿ ತೆಗೆದದ್ದಾದರೂ ಸಾಕು. ಧ್ವನಿ ಕೇಳಿಸಬೇಕು, ವಿಷಯ ಅರ್ಥವಾಗಬೇಕು, ಅಷ್ಟೇ.

ಪರಿಚಯವನ್ನು ಪ್ರಪೋಸಲ್‌ನ ಒಳಗೆ ಬೆರೆಸದೆ ಬೇರೆಯಾಗಿಡುವುದಕ್ಕೆ ಮತ್ತೊಂದು ಕಾರಣವಿದೆ. ಕೆಲವು ಸಮ್ಮೇಳನಗಳು ಮೊದಲ ಸುತ್ತಿನಲ್ಲಿ ಹೆಸರು, ಕಂಪನಿ ಎಲ್ಲವನ್ನೂ ಮರೆಮಾಡಿ ಓದುತ್ತವೆ. ಬರ್ಲಿನ್‌ನಲ್ಲಿ ನಡೆದ ಜೆಎಸ್‌ಕಾನ್ಫ್ ಯುರೋಪ್ ಇದಕ್ಕೆ ಹೆಸರಾದ ಉದಾಹರಣೆ. 2012ರಲ್ಲಿ ಅದರ ಸಂಘಟಕರು ಪ್ರಪೋಸಲ್ ಕಳಿಸಿ ಎಂದು ಮಹಿಳೆಯರನ್ನು ತಾವಾಗಿಯೇ ಕೇಳಿಕೊಂಡರು. ಬಂದ ಪ್ರಪೋಸಲ್‌ಗಳಿಂದ ಹೆಸರು ತೆಗೆದು ಓದಿದರು. ಆ ವರ್ಷ ಮಾತನಾಡಿದವರಲ್ಲಿ ಶೇ 25ರಷ್ಟು ಮಹಿಳೆಯರು. ಹೆಸರಿಲ್ಲದ ಓದಿನಲ್ಲಿ ಧಾರವಾಡದ ಎಂಜಿನಿಯರಿಗೂ ದೊಡ್ಡ ಕಂಪನಿಯವರಿಗೂ ಸಿಗುವುದು ಒಂದೇ ಗಾತ್ರದ ಜಾಗ. ಅಲ್ಲಿ ‘ನಾನು ಇಂಥ ಕಂಪನಿಯಲ್ಲಿದ್ದಾಗ’ ಎಂದು ವಿವರಣೆಯ ನಡುವೆ ಬರೆದರೆ ನಿಯಮ ಮುರಿದಂತಾಗುತ್ತದೆ.

ಉಳಿದವು ಸಣ್ಣ ಸಂಗತಿಗಳು. ಇಮೇಲ್‌ನಲ್ಲೇ ಎಲ್ಲವನ್ನೂ ಬರೆಯಬೇಕು, ಫೈಲ್ ಲಗತ್ತಿಸಿ ‘ವಿವರ ಅದರಲ್ಲಿದೆ’ ಎನ್ನಬಾರದು. ಪ್ರಯಾಣ, ವಸತಿಯ ನೆರವು ಬೇಕಿದ್ದರೆ ಮೊದಲೇ ನೇರವಾಗಿ ಹೇಳಬೇಕು. ಒಂದೇ ಪತ್ರವನ್ನು ನಾಲ್ಕು ಸಮ್ಮೇಳನಗಳಿಗೆ ಕಳಿಸುವಾಗ ಹಿಂದಿನದರ ಹೆಸರು ಹಾಗೇ ಉಳಿದುಬಿಡುತ್ತದೆ. ಕಳಿಸುವ ಮುನ್ನ ಅದನ್ನೊಂದು ಹುಡುಕಲೇಬೇಕು.

ಇಷ್ಟೆಲ್ಲ ಸರಿಯಾಗಿ ಬರೆದರೂ ‘ಇಲ್ಲ’ ಎಂಬ ಉತ್ತರ ಬರಬಹುದು. ಅದೇ ವಿಷಯದ ಇನ್ನೊಂದು ಟಾಕನ್ನು ಸಮಿತಿ ಆಗಲೇ ಆರಿಸಿರಬಹುದು, ಇಲ್ಲವೇ ಈ ವರ್ಷದ ಒತ್ತು ಬೇರೆಯದಿರಬಹುದು. ಸಮಿತಿಗಳ ಅಂದಾಜು ತಪ್ಪುವುದೂ ಉಂಟು. 1991ರ ಡಿಸೆಂಬರಿನಲ್ಲಿ ಟೆಕ್ಸಸ್‌ನ ಸ್ಯಾನ್ ಆಂಟೋನಿಯೋದಲ್ಲಿ ಹೈಪರ್‌ಟೆಕ್ಸ್ಟ್ ಸಮ್ಮೇಳನ ನಡೆದಾಗ ಟಿಮ್ ಬರ್ನರ್ಸ್ ಲೀ ಮತ್ತು ರಾಬರ್ಟ್ ಕಾಯೋ ವರ್ಲ್ಡ್ ವೈಡ್ ವೆಬ್ ಬಗ್ಗೆ ಕಳಿಸಿದ್ದ ಪ್ರಬಂಧ ತಿರಸ್ಕೃತವಾಗಿತ್ತು. ಅವರಿಗೆ ಸಿಕ್ಕಿದ್ದು ಯಂತ್ರವನ್ನು ಇಟ್ಟುಕೊಂಡು ಬಂದವರಿಗೆ ತೋರಿಸುವ ಡೆಮೊ ಮೇಜು ಮಾತ್ರ. ಅವರು ಬೇಡವೆನ್ನಲಿಲ್ಲ. ಸಮ್ಮೇಳನದ ಜಾಗದಲ್ಲಿ ಇಂಟರ್‌ನೆಟ್ ಸಂಪರ್ಕವೇ ಇರಲಿಲ್ಲವಾದ್ದರಿಂದ ಮೋಡೆಮ್ ಹೊಂದಿಸಿ, ಫೋನ್ ಲೈನಿನ ಮೂಲಕ ಸಂಪರ್ಕ ಎಳೆದು ತೋರಿಸಿದರು. ಎರಡು ವರ್ಷದ ನಂತರ, 1993ರಲ್ಲಿ, ಅದೇ ಸಮ್ಮೇಳನ ಸಿಯಾಟಲ್‌ನಲ್ಲಿ ನಡೆದಾಗ ಅಲ್ಲಿನ ಡೆಮೊಗಳಲ್ಲಿ ಹೆಚ್ಚಿನವು ವೆಬ್‌ಗೆ ಸಂಬಂಧಿಸಿದವೇ ಆಗಿದ್ದವು.

ಪೂರ್ಣ ಸ್ಲಾಟ್ ಸಿಗದಿದ್ದರೆ ಬೇರೆ ಯಾವ ರೂಪದಲ್ಲಿ ಬರಲು ಸಿದ್ಧ ಎಂಬುದನ್ನು ಪತ್ರದಲ್ಲೇ ಹೇಳಿಬಿಡುವುದು ಇದಕ್ಕೇ. ಬಹುಪಾಲು ತಂತ್ರಜ್ಞಾನ ಸಮ್ಮೇಳನಗಳಲ್ಲಿ ಐದು ನಿಮಿಷದ ಮಿಂಚಿನ ಟಾಕ್‌ಗಳಿರುತ್ತವೆ, ಪೋಸ್ಟರ್ ಮೇಜುಗಳಿರುತ್ತವೆ. ತಿರಸ್ಕಾರದ ಉತ್ತರ ಬಂದ ಮೇಲೆ ‘ಏನು ಕಡಿಮೆಯಾಯಿತು ಎಂದು ಒಂದು ಸಾಲಿನಲ್ಲಿ ತಿಳಿಸಬಹುದೇ?’ ಎಂದು ಕೇಳುವುದರಲ್ಲೂ ಸಂಕೋಚ ಬೇಡ. ಎಲ್ಲರೂ ಉತ್ತರಿಸುವುದಿಲ್ಲ, ಆದರೆ ಉತ್ತರಿಸಿದವರ ಆ ಒಂದು ಸಾಲು ಮುಂದಿನ ವರ್ಷದ ಕರಡಿಗೆ ನೇರವಾಗಿ ಒದಗುತ್ತದೆ. ಧಾರವಾಡದ ಎಂಜಿನಿಯರ್ ತನ್ನ ಪತ್ರದ ಕೊನೆಯಲ್ಲಿ ಇಷ್ಟನ್ನು ಸೇರಿಸಿದರೆ ಸಾಕು: “30 ನಿಮಿಷ ಹೊಂದದಿದ್ದರೆ, ಲಕ್ಷ್ಮಿಯ ಹೆಸರು ತುಂಡಾಗುವುದನ್ನೂ ಅದನ್ನು ಸರಿಪಡಿಸುವುದನ್ನೂ ಮಾತ್ರ ಇಟ್ಟುಕೊಂಡು 5 ನಿಮಿಷದಲ್ಲಿ ತೋರಿಸಬಲ್ಲೆ. ಎಸ್ಸೆಮ್ಮೆಸ್ ಲೆಕ್ಕದ ಭಾಗವನ್ನು ಅದರಲ್ಲಿ ಬಿಡುತ್ತೇನೆ.”